ಬೀಗಿತ್ತಿಯ ನಂಬರಿನಲ್ಲಿ ನನ್ನ ಹತ್ತು ಸಾವಿರ

ನನ್ನ ಮೊಮ್ಮಗಳಿಗೆ ಅಜ್ಜಿ ಎಂದರೆ ಭದ್ರಾವತಿಯಲ್ಲಿ ಅವಳ ಜೊತೆಗಿರುವ ಅಪ್ಪನ ಅಮ್ಮ. ನಾನು ‘ಶಿವಮೊಗ್ಗ ಅಜ್ಜಿ’. ಊರಿನ ಹೆಸರು ಹಿಡಿದು ಕರೆಯುವುದು ಬಸ್ಸನ್ನು, ಮನುಷ್ಯರನ್ನಲ್ಲ ಎಂದು ನಾನು ಒಂದೆರಡು ಸಲ ಹೇಳಿ ನೋಡಿದ್ದೇನೆ. ಹುಡುಗಿ ನಗುತ್ತಾಳೆ, ಮರುಕ್ಷಣ ಮತ್ತೆ ಶಿವಮೊಗ್ಗ ಅಜ್ಜಿ ಎನ್ನುತ್ತಾಳೆ.

ಇದರಲ್ಲಿ ಅವಳ ತಪ್ಪಿಲ್ಲ. ನನ್ನ ಮಗಳು ಮದುವೆಯಾಗಿ ಹೋದ ಮನೆ ಭದ್ರಾವತಿಯದು. ಮಗಳು ಅಳಿಯ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗುವವರು. ಮಗುವಿಗೆ ಜಡೆ ಹಾಕಿದ್ದು, ಶಾಲೆಗೆ ಬಿಟ್ಟದ್ದು, ಜ್ವರ ಬಂದಾಗ ಗಂಜಿ ಕುಡಿಸಿದ್ದು ಎಲ್ಲವೂ ನನ್ನ ಬೀಗಿತ್ತಿ. ನಾನು ಆಗ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದೆ. ನೂರಾರು ಮಕ್ಕಳಿಗೆ ಗಂಟೆ ಬಾರಿಸಿ ಎಬ್ಬಿಸಿ, ಸಾಲಿನಲ್ಲಿ ನಿಲ್ಲಿಸಿ ಊಟ ಹಾಕಿಸಿದವಳು ನನ್ನ ಸ್ವಂತ ಮೊಮ್ಮಗಳಿಗೆ ಒಂದು ತುತ್ತು ತಿನ್ನಿಸಿದ್ದು ಕಡಿಮೆ. ನಿವೃತ್ತಿಯಾಗಿ ರವೀಂದ್ರನಗರದಲ್ಲಿ ಮಗನ ಮನೆಯಲ್ಲಿ ನೆಲೆಸುವ ಹೊತ್ತಿಗೆ ಆ ಹುಡುಗಿ ನನಗೆ ‘ಹೇಗಿದ್ದೀರಾ’ ಎಂದು ಬಹುವಚನದಲ್ಲಿ ಕೇಳುವಷ್ಟು ದೊಡ್ಡವಳಾಗಿದ್ದಳು. ಬೀಗಿತ್ತಿಗೆ ಮಾತ್ರ ‘ಏನೇ ಅಜ್ಜಿ’.

ಕಳೆದ ವರ್ಷ ಅವಳಿಗೆ ಗಂಡು ಗೊತ್ತಾಯಿತು. ನಿಶ್ಚಿತಾರ್ಥಕ್ಕೆ ಉಡುವ ಸೀರೆ ನನ್ನದೇ ಆಗಿರಬೇಕು ಎಂದು ನಾನು ಅಂದೇ ತೀರ್ಮಾನಿಸಿದೆ. ದುಡ್ಡನ್ನು ಕವರಿನಲ್ಲಿ ಹಾಕಿ ಕೊಟ್ಟರೆ ಅದು ಛತ್ರದ ಮುಂಗಡಕ್ಕೋ ಅಡುಗೆಯವರಿಗೋ ಹೋಗಿಬಿಡುತ್ತದೆ. ಸೀರೆಯನ್ನೇ ಕೊಂಡು ಕೊಟ್ಟರೆ ಬಣ್ಣ ಹಿಡಿಸದೆ ಪೆಟ್ಟಿಗೆ ಸೇರುತ್ತದೆ. ಆದ್ದರಿಂದ ಗಾಂಧಿ ಬಜಾರಿನ ದೊಡ್ಡ ಬಟ್ಟೆ ಅಂಗಡಿಗೆ ಹೋಗಿ ಹತ್ತು ಸಾವಿರದ ಗಿಫ್ಟ್ ಕಾರ್ಡ್ ತೆಗೆದುಕೊಂಡೆ. ಅದೇ ಅಂಗಡಿಯ ಇನ್ನೊಂದು ಶಾಖೆ ಭದ್ರಾವತಿಯಲ್ಲೂ ಇದೆ, ಕಾರ್ಡು ಎರಡೂ ಕಡೆ ನಡೆಯುತ್ತದೆ.

ಕೌಂಟರಿನ ಹುಡುಗಿ ಕಾರ್ಡುಗಳ ಕಟ್ಟಿನಿಂದ ಒಂದನ್ನು ಎಳೆದಳು.

“ಇಷ್ಟು ಕಾರ್ಡ್ ಹೀಗೆ ಬಿಚ್ಚಿಟ್ಟಿದ್ದೀರಲ್ಲ, ಯಾರಾದ್ರೂ ಎತ್ತಿಕೊಂಡು ಹೋದ್ರೆ?” ಎಂದು ಕೇಳಿದೆ.

“ಹೋಗ್ಲಿ ಬಿಡಿ ಮೇಡಂ. ಇದರಲ್ಲಿ ಈಗ ಒಂದು ರೂಪಾಯಿನೂ ಇಲ್ಲ. ನೀವು ದುಡ್ಡು ಕೊಟ್ಟು, ನಾನು ಸ್ಕ್ಯಾನ್ ಮಾಡಿ ಬಿಲ್ ಹಾಕಿದ ಮೇಲೆನೇ ಜೀವ ಬರೋದು. ದುಡ್ಡು ಕಾರ್ಡಲ್ಲಿ ಇರಲ್ಲ, ಕಂಪ್ಯೂಟರಲ್ಲಿ ಇರುತ್ತೆ. ಇದು ಬರೀ ಬೀಗದ ಕೈ.”

ಜೀವ ಬಂದಿದೆಯೇ ಎಂದು ಅಲ್ಲೇ ಪರೀಕ್ಷೆ ಮಾಡಿಸಿದೆ. ಅವಳು ಮತ್ತೊಮ್ಮೆ ಸ್ಕ್ಯಾನ್ ಮಾಡಿ ಚೀಟಿ ತೆಗೆದುಕೊಟ್ಟಳು. ಉಳಿಕೆ ಹತ್ತು ಸಾವಿರ, ಅವಧಿ ಒಂದು ವರ್ಷ. ಮುಂದಿನ ಭಾನುವಾರವೇ ಭದ್ರಾವತಿಗೆ ಹೋಗಿ ಎಲ್ಲರ ಎದುರು ಹುಡುಗಿಯ ಕೈಗೆ ಕೊಟ್ಟೆ. “ಇದು ನಿಶ್ಚಿತಾರ್ಥದ ಸೀರೆಗೆ ಮಾತ್ರ” ಎಂದೆ. ಬೀಗಿತ್ತಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. “ಚೆನ್ನಾಗಿದೆ ಕಣ್ರೀ, ಎಲ್ಲಿ ಸಿಗುತ್ತೆ?” ಎಂದು ಕೇಳಿದರು. ನಾನು ದಡ್ಡಿ, ಹೇಳಿದೆ.

ಅದೇ ವಾರ ಅವರೂ ಭದ್ರಾವತಿಯ ಅಂಗಡಿಗೆ ಹೋಗಿ ಆರು ಸಾವಿರದ ಕಾರ್ಡು ತಂದರು. ಮಗಳು ಫೋನಿನಲ್ಲಿ ಸಂತೋಷದಿಂದ ಹೇಳಿದಾಗ ನಾನು ಮಧ್ಯಾಹ್ನದ ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಹುಡುಗಿಯ ಇಪ್ಪತ್ತನಾಲ್ಕು ವರ್ಷ ಅವರ ಹತ್ತಿರವೇ ಇತ್ತು. ಒಂದು ಸೀರೆಯನ್ನಾದರೂ ನನಗೆ ಬಿಡಬಾರದಿತ್ತೇ?

ಸೀರೆ ತೆಗೆಯಲು ಶುಕ್ರವಾರ ಗೊತ್ತು ಮಾಡಿದ್ದು ನಾನೇ. ಶುಕ್ರವಾರ ಬೀಗಿತ್ತಿಗೆ ದೇವಸ್ಥಾನದಲ್ಲಿ ಲಲಿತಾ ಸಹಸ್ರನಾಮದ ಪಾರಾಯಣ ಇರುತ್ತದೆ, ಬರಲಾಗುವುದಿಲ್ಲ. ಮಗಳು ಮೊಮ್ಮಗಳು ಬಸ್ಸಿಗೆ ಬಂದರು. ಮೂವರೂ ಗಾಂಧಿ ಬಜಾರಿನ ಅಂಗಡಿಯಲ್ಲಿ ಚಾಪೆಯ ಮೇಲೆ ಕುಳಿತು ನೋಡಿ ನೋಡಿ ಕೊನೆಗೆ ಹದಿಮೂರು ಸಾವಿರದ ನೇರಳೆ ರೇಷ್ಮೆ ಸೀರೆ ಒಪ್ಪಿಗೆಯಾಯಿತು. ಕೌಂಟರಿಗೆ ಬಂದೆವು.

ಮೊಮ್ಮಗಳು ಎರಡೂ ಕಾರ್ಡುಗಳನ್ನು ಪರ್ಸಿನಿಂದ ತೆಗೆದಿಟ್ಟಳು. ಕೌಂಟರಿನವಳು ಬೀಗಿತ್ತಿಯ ಕಾರ್ಡಿಗೆ ಕೈ ಹಾಕಿದಳು.

“ಅದಲ್ಲ. ಇದು ಮೊದಲು,” ಎಂದೆ.

“ಯಾವುದು ಮೊದಲಾದ್ರೂ ಒಟ್ಟು ಹದಿಮೂರೇ ಅಲ್ವಾ ಮೇಡಂ?”

“ಇದನ್ನು ಪೂರ್ತಿ ತೆಗೆದುಕೊಂಡು, ಸಾಲದೆ ಬಂದಷ್ಟು ಮಾತ್ರ ಅದರಿಂದ.”

ನನ್ನ ಹತ್ತು ಸಾವಿರ ಪೂರ್ತಿ ಹೋಯಿತು. ಅವರ ಕಾರ್ಡಿನಿಂದ ಮೂರು. ಇದು ನನ್ನ ಸೀರೆ ಎಂದು ಯಾರು ಬೇಕಾದರೂ ಬಿಲ್ಲು ನೋಡಿ ಹೇಳಬಹುದಿತ್ತು. ಆದರೆ ಬಿಲ್ಲು ಮುಗಿಯುವ ಮುಂಚೆ ಕೌಂಟರಿನವಳು ಮೊಬೈಲ್ ನಂಬರ್ ಕೇಳಿದಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಮೊಮ್ಮಗಳು ಗಡಗಡನೆ ಒಂದು ನಂಬರ್ ಹೇಳಿಬಿಟ್ಟಳು. ಅದು ನನ್ನದಲ್ಲ, ಅವಳದೂ ಅಲ್ಲ.

“ಯಾರದೇ ಅದು?”

“ಅಜ್ಜಿದು. ಗ್ಯಾಸಿಗೂ ಹಾಲಿಗೂ ಎಲ್ಲಾದಕ್ಕೂ ಅದೇ ಕೊಡೋದು ನಾವು. ಬಾಯಿಗೆ ಬಂದುಬಿಡುತ್ತೆ.”

“ನನ್ನ ನಂಬರ್ ಬಾಯಿಗೆ ಬರುತ್ತಾ?”

“ನಿಮ್ಮದು ಸೇವ್ ಆಗಿದೆಯಲ್ಲ ಶಿವಮೊಗ್ಗ ಅಜ್ಜಿ,” ಎಂದಳು. ಮಗಳು ನನ್ನ ಮುಖ ನೋಡಿ ಸೀರೆಯ ಚೀಲ ಎತ್ತಿಕೊಂಡಳು.

ಖಾಲಿಯಾದ ಕಾರ್ಡನ್ನು ಕೌಂಟರಿನವಳು ವಾಪಸು ಕೊಟ್ಟಳು. ಹಾಸ್ಟೆಲಿನಲ್ಲಿ ಊಟದ ಕೂಪನ್ ತೆಗೆದುಕೊಂಡ ತಕ್ಷಣ ಹರಿದು ಬುಟ್ಟಿಗೆ ಹಾಕುವುದು ನಿಯಮವಾಗಿತ್ತು. ಹರಿಯದೆ ಬಿಟ್ಟರೆ ಅದೇ ಕೂಪನ್ನಿಗೆ ಇನ್ನೊಬ್ಬಳು ಊಟ ಮಾಡುತ್ತಾಳೆ. ನಾನು ಮೇಜಿನ ಮೇಲಿದ್ದ ಕತ್ತರಿ ತೆಗೆದು ಕಾರ್ಡನ್ನು ನಾಲ್ಕು ತುಂಡು ಮಾಡಿ ಅಂಗಡಿಯ ಕಸದ ಬುಟ್ಟಿಗೆ ಹಾಕಿದೆ. ಕೌಂಟರಿನವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನವರು ಬಟ್ಟೆ ಮುಂದಿಟ್ಟರು.

ಎರಡು ದಿನಕ್ಕೆ ಬೀಗಿತ್ತಿಯದೇ ಫೋನು.

“ವಾರ್ಡನ್ ಮೇಡಂ, ಸೀರೆ ಬಹಳ ಲಕ್ಷಣವಾಗಿದೆ. ಆದ್ರೆ ಬೆಳಕಿಗೆ ಹಿಡಿದು ನೋಡಿದೆ. ಸೆರಗಲ್ಲಿ ನೇಯ್ಗೆ ಬಿಟ್ಟಿದೆ ಕಣ್ರೀ. ಒಂದು ಗೇಣುದ್ದ.”

“ನಾವು ಮೂರು ಜನ ನೋಡಿದ್ವಲ್ಲ, ಕಾಣಿಸಲಿಲ್ಲ.”

“ಅಂಗಡಿ ದೀಪದಲ್ಲಿ ಎಲ್ಲಿ ಕಾಣುತ್ತೆ! ನಾನು ಬಂದಿದ್ರೆ ಹೊರಗೆ ತಂದು ನೋಡ್ತಿದ್ದೆ. ಶುಕ್ರವಾರ ಆಗಿಹೋಯ್ತು, ಏನ್ಮಾಡೋದು.”

ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಖಚಿತ ಮಾಡಿಕೊಂಡೆ. ಮರುದಿನ ಮಗಳು ಮೊಮ್ಮಗಳು ಸೀರೆ ತಂದರು. ರವೀಂದ್ರನಗರದ ನಮ್ಮ ಮನೆಯ ಮುಂದಿನ ಬಿಸಿಲಿಗೆ ಹಿಡಿದೆ. ಗೇಣಿಗಿಂತ ಸ್ವಲ್ಪ ಉದ್ದವೇ ಇತ್ತು.

ಅಂಗಡಿಯವರು ತಕರಾರು ಮಾಡಲಿಲ್ಲ. ಫಾಲ್ ಹೊಲಿಸಿರಲಿಲ್ಲ, ಬಿಲ್ಲು ಇತ್ತು. ನಗದು ಕೊಡುವ ಪದ್ಧತಿ ಮಾತ್ರ ಅಲ್ಲಿಲ್ಲ. ಯಾವ ಕಾರ್ಡಿನಿಂದ ಎಷ್ಟು ಬಂದಿತ್ತೋ ಅಷ್ಟು ಅದೇ ಕಾರ್ಡಿಗೆ ವಾಪಸು. ಕೌಂಟರಿನವಳು ಬೀಗಿತ್ತಿಯ ಕಾರ್ಡು ಸ್ಕ್ಯಾನ್ ಮಾಡಿದಳು. ಮೂರು ಸಾವಿರ ಹಿಂದಕ್ಕೆ ಹೋಗಿ ಅದು ಮತ್ತೆ ಆರು ಸಾವಿರವಾಯಿತು.

“ಇನ್ನೊಂದು ಕಾರ್ಡ್ ಕೊಡಿ.”

ನಾನು ಕಸದ ಬುಟ್ಟಿಯ ಕಡೆ ನೋಡಿದೆ. ಮೊಮ್ಮಗಳು ನೆಲ ನೋಡಿದಳು.

“ಅದನ್ನ ಕತ್ತರಿಸಿದ್ರಲ್ಲ ಮೇಡಂ ನೀವು! ಅವತ್ತೇ ಹೇಳೋಣ ಅಂತಿದ್ದೆ. ಖಾಲಿ ಆದ ಕಾರ್ಡನ್ನೂ ಸ್ವಲ್ಪ ದಿನ ಇಟ್ಕೋಬೇಕು. ವಾಪಸ್ ಬಂದ್ರೆ ದುಡ್ಡು ಅದಕ್ಕೇ ಹೋಗೋದು.”

“ಬಿಲ್ಲಿನಲ್ಲಿ ನಂಬರ್ ಇದೆಯಲ್ಲ.”

“ಕೊನೆ ನಾಲ್ಕು ಅಂಕಿ ಮಾತ್ರ ಇದೆ. ಪೂರ್ತಿ ಬರೆದ್ರೆ ಬಿಲ್ ಸಿಕ್ಕಿದವರೆಲ್ಲ ಖರ್ಚು ಮಾಡ್ತಾರೆ.”

“ಹಾಗಾದ್ರೆ ನನ್ನ ಹತ್ತು ಸಾವಿರ?”

“ಎಲ್ಲೂ ಹೋಗಲ್ಲ. ಸ್ಟೋರ್ ಕ್ರೆಡಿಟ್ ಅಂತ ಹಾಕ್ತೀನಿ. ಬಿಲ್ಲಿನಲ್ಲಿರೋ ಮೊಬೈಲ್ ನಂಬರಿನ ಖಾತೆಗೆ ಜಮಾ ಆಗುತ್ತೆ. ಖರ್ಚು ಮಾಡುವಾಗ ಆ ನಂಬರಿಗೆ ಒಂದು ಓಟಿಪಿ ಬರುತ್ತೆ, ಅದನ್ನ ಹೇಳಿದ್ರೆ ಆಯ್ತು.”

“ನನ್ನ ನಂಬರಿಗೆ ಹಾಕು.”

“ಆಗಲ್ಲ ಮೇಡಂ. ಬಿಲ್ಲಿನಲ್ಲಿ ಇರೋ ನಂಬರಿಗೆ ಮಾತ್ರ ಹೋಗೋದು. ಹಾಗಿಲ್ಲದಿದ್ರೆ ಯಾರೋ ಕೊಂಡಿದ್ದು ಇನ್ಯಾರ ಖಾತೆಗೋ ಹೋಗಿಬಿಡುತ್ತೆ.”

ಅವಳು ಒಂದು ಗುಂಡಿ ಒತ್ತಿದಳು. ನನ್ನ ಪಿಂಚಣಿಯ ಹತ್ತು ಸಾವಿರ ಹದಿನೆಂಟು ಕಿಲೋಮೀಟರ್ ಆಚೆ ಭದ್ರಾವತಿಯಲ್ಲಿ, ಬೀಗಿತ್ತಿಯ ಫೋನಿನಲ್ಲಿ ಟಿಂಗ್ ಎಂದಿರಬೇಕು. ಆರು ಅವರ ಕಾರ್ಡಿನಲ್ಲಿ, ನನ್ನ ಹತ್ತು ಅವರ ನಂಬರಿನಲ್ಲಿ. ನಿಶ್ಚಿತಾರ್ಥದ ಸೀರೆಯ ಒಂದು ಎಳೆಯೂ ನನ್ನ ಕೈಯಲ್ಲಿ ಉಳಿಯಲಿಲ್ಲ.

ಆದರೂ ನಾನು ಬಿಡುವವಳಲ್ಲ. ಅಲ್ಲೇ ಮತ್ತೆ ಸೀರೆ ತೆಗೆಸಿದೆ. ಕಡು ಹಸಿರಿನ ಒಂದು ಸೀರೆ ನನ್ನ ಕಣ್ಣಿಗೆ ಹಿಡಿಸಿತು, ಹುಡುಗಿಯೂ ‘ಪರವಾಗಿಲ್ಲ’ ಎಂದಳು. ಕೌಂಟರಿನವಳು ಓಟಿಪಿ ಕಳಿಸಿ, ಸ್ವಲ್ಪ ಹೊತ್ತಿಗೇ ಸತ್ತುಹೋಗುತ್ತದೆ, ಬೇಗ ಕೇಳಿ ಎಂದಳು. ಮೊಮ್ಮಗಳು ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

“ಅಜ್ಜಿ, ಈಗ ನಿಂಗೆ ಒಂದು ಮೆಸೇಜ್ ಬಂತಲ್ಲ, ಅದರಲ್ಲಿರೋ ನಂಬರ್ ಹೇಳೇ.”

“ಹೇಳಲ್ಲ ಮಾರಾಯ್ತಿ. ಓಟಿಪಿ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರು ಎಷ್ಟು ಸಲ ಹೇಳಿದ್ದಾರೆ. ನಮ್ಮ ಹಿಂದಿನ ಮನೆಯವರ ಖಾತೆ ಗುಡಿಸಿ ಹೋಯ್ತು.”

ನಾನು ಫೋನ್ ಕಿತ್ತುಕೊಂಡೆ. “ನಾನು ಕಣ್ರೀ ಮಾತಾಡ್ತಿರೋದು. ಇದು ಬ್ಯಾಂಕಲ್ಲ, ಬಟ್ಟೆ ಅಂಗಡಿ.”

“ಧ್ವನಿ ನಿಮ್ಮದೇ. ಆದ್ರೆ ಈಗ ಧ್ವನಿನೂ ನಕಲು ಮಾಡ್ತಾರಂತೆ.”

“ಅದು ನನ್ನ ದುಡ್ಡು!”

“ಇಲ್ಲಿ ನನಗೆ ಹತ್ತು ಸಾವಿರ ಜಮಾ ಅಂತ ಬಂದಿದೆಯಲ್ಲ ವಾರ್ಡನ್ ಮೇಡಂ. ಇರಲಿ, ಅಷ್ಟು ಅವಸರ ಏನಿದೆ? ನಾಳೆ ನೀವೇ ಬನ್ನಿ. ನಮ್ಮೂರ ಅಂಗಡೀಲೂ ಅದೇ ಕಂಪ್ಯೂಟರ್ ಅಂತೆ. ನಾನೂ ಬರ್ತೀನಿ. ನನ್ನ ಕಣ್ಣೆದುರೇ ಆಗಲಿ.”

ಓಟಿಪಿ ಸತ್ತಿತು. ಹಸಿರು ಸೀರೆ ಮತ್ತೆ ಕಪಾಟು ಸೇರಿತು. ಮನೆಗೆ ಬರುವ ದಾರಿಯಲ್ಲಿ ಮಗಳು ಒಂದೇ ಒಂದು ಮಾತು ಹೇಳಿದಳು: “ಅಮ್ಮ, ಶುಕ್ರವಾರ ಬಿಟ್ಟು ಬೇರೆ ದಿನ ಇಟ್ಟುಕೊಂಡಿದ್ರೆ ಇದೆಲ್ಲ ಆಗ್ತಿರಲಿಲ್ಲ.” ಅವಳಿಗೆ ಗೊತ್ತಾಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಭದ್ರಾವತಿಗೆ ಹೋದೆ. ಬೀಗಿತ್ತಿ ಆಗಲೇ ಅಂಗಡಿಯಲ್ಲಿದ್ದರು. ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮೊಮ್ಮಗಳ ತೋಳು ಹಿಡಿದು ಕುಳಿತಿದ್ದರು. ಅಂಗಡಿಯವರೆಲ್ಲರಿಗೂ ಅವರ ಪರಿಚಯ. ಒಬ್ಬಳು ‘ಅಮ್ಮಾ ವಾಂಗೋ’ ಎಂದು ಕಾಫಿ ತಂದಳು, ಅವರು ತಮಿಳಿನಲ್ಲೇ ಅವಳ ಮಗುವಿನ ಕೆಮ್ಮು ವಿಚಾರಿಸಿದರು. ನನಗೆ ಶಿವಮೊಗ್ಗದಲ್ಲಿ ಯಾರೂ ಕಾಫಿ ಕೊಟ್ಟಿರಲಿಲ್ಲ.

ನಾನು ಹಸಿರನ್ನು ತೋರಿಸಿ ಎಂದೆ. ಅವರು ಅರಿಶಿನ ಬಣ್ಣ ಎಂದರು. ಹಸಿರು ಹುಡುಗಿಯ ಮೈಬಣ್ಣಕ್ಕೆ ಹೊಂದುವುದಿಲ್ಲ ಎಂದು ಅವರು, ಅರಿಶಿನ ಫೋಟೋದಲ್ಲಿ ಎದ್ದು ಕಾಣುವುದಿಲ್ಲ ಎಂದು ನಾನು. ಸೀರೆ ತೋರಿಸುವವನು ಇಬ್ಬರ ಮುಖವನ್ನೂ ನೋಡಿ ನೋಡಿ ಸುಸ್ತಾದ. ಅಷ್ಟರಲ್ಲಿ ಹುಡುಗಿ ಪಕ್ಕದ ರಾಶಿಯಿಂದ ತಾನೇ ಒಂದನ್ನು ಎಳೆದು ಹೆಗಲ ಮೇಲೆ ಹಾಕಿಕೊಂಡಳು. ಕನಕಾಂಬರದ ಬಣ್ಣ, ಸಣ್ಣ ಅಂಚು. ಹನ್ನೊಂದೂವರೆ ಸಾವಿರ.

“ಅಂಚೇ ಇಲ್ವಲ್ಲೇ,” ಎಂದರು ಬೀಗಿತ್ತಿ.

“ತೀರಾ ತೆಳುವಾಯ್ತು,” ಎಂದೆ ನಾನು.

ಆ ಒಂದು ಗಳಿಗೆ ನಾವಿಬ್ಬರೂ ಒಂದೇ ಕಡೆ ಇದ್ದೆವು. “ಇದೇ ಬೇಕು” ಎಂದಳು ಹುಡುಗಿ. ಬೀಗಿತ್ತಿ ಸೀರೆಯನ್ನು ಅಂಗಡಿಯ ಬಾಗಿಲಿನವರೆಗೂ ಒಯ್ದು ಬಿಸಿಲಿಗೆ ಹಿಡಿದು ಪೂರ್ತಿ ನೋಡಿ ತಂದರು. ನಾನು ಅವರ ಹಿಂದೆಯೇ ಹೋಗಿ ಇನ್ನೊಮ್ಮೆ ನೋಡಿದೆ. ದೋಷ ಇರಲಿಲ್ಲ.

ಕೌಂಟರಿನಲ್ಲಿದ್ದವನು ಬೀಗಿತ್ತಿಯ ನಂಬರ್ ಹಾಕಿದ. ಗಾಂಧಿ ಬಜಾರಿನಲ್ಲಿ ಜಮಾ ಆದ ಹತ್ತು ಸಾವಿರ ಭದ್ರಾವತಿಯ ಪರದೆಯ ಮೇಲೆ ಹಾಗೆಯೇ ಕುಳಿತಿತ್ತು.

“ಕ್ರೆಡಿಟ್ಟು ಹತ್ತಿದೆ, ಕಾರ್ಡಲ್ಲಿ ಆರಿದೆ. ಯಾವುದರಿಂದ ಎಷ್ಟು ತಗೊಳ್ಳಲಿ?”

“ಕ್ರೆಡಿಟ್ ಪೂರ್ತಿ. ಮಿಕ್ಕ ಒಂದೂವರೆ ಕಾರ್ಡಿನಿಂದ,” ಎಂದೆ.

“ಕಾರ್ಡ್ ಪೂರ್ತಿ ಆರು. ಮಿಕ್ಕಿದ್ದು ಕ್ರೆಡಿಟ್ಟಿನಿಂದ,” ಎಂದರು ಬೀಗಿತ್ತಿ.

ನಾನು ತಿರುಗಿ ನಿಂತೆ. ಹಾಗೆ ಮಾಡಿದರೆ ನನ್ನ ದುಡ್ಡಿನಲ್ಲಿ ನಾಲ್ಕೂವರೆ ಸಾವಿರ ಅವರ ನಂಬರಿನಲ್ಲೇ ಉಳಿಯುತ್ತದೆ, ನಗದಾಗಿ ಬರುವುದಿಲ್ಲ, ಅವರ ಓಟಿಪಿ ಇಲ್ಲದೆ ನಾನು ಅದರಲ್ಲಿ ಒಂದು ಕರ್ಚೀಫನ್ನೂ ಕೊಳ್ಳುವಂತಿಲ್ಲ.

“ನಿಮಗೆ ಆ ದುಡ್ಡು ಬೇಕಾ?” ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತು.

ಬೀಗಿತ್ತಿಯ ಮುಖ ಕೆಂಪಾಯಿತು. ಫೋನನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡರು.

“ನಿಮ್ಮ ದುಡ್ಡು ಯಾರಿಗೆ ಬೇಕಾಗಿದೆ? ಹೋದ ಸಲ ಬಿಲ್ ನೋಡಿದೆ. ನಿಮ್ಮದು ಹತ್ತು, ನನ್ನದು ಮೂರು. ಈ ಸಲ ಒಂದೂವರೆ. ಇಷ್ಟು ವರ್ಷ ಸಾಕಿದವಳು ಸೆರಗಿನ ಗೊಂಡೆ ಕೊಟ್ಟಂಗೆ ಆಗುತ್ತೆ. ನಿಮಗೆ ಪಿಂಚಣಿ ಬರುತ್ತೆ, ಒಂದೇ ಸಲ ಎತ್ತಿ ಕೊಟ್ರಿ. ನಾನು ಆರು ಸಾವಿರ ಸೇರಿಸೋಕೆ ಚೀಟಿ ಎತ್ತಿದ್ದೀನಿ. ನಿನ್ನೆ ಓಟಿಪಿ ಯಾಕೆ ಹೇಳಲಿಲ್ಲ ಅಂದ್ಕೊಂಡ್ರಿ? ಹೇಳಿದ್ರೆ ಎರಡನೇ ಸಲನೂ ನನ್ನ ಬಿಟ್ಟು ತಗೊಂಡು ಬಿಡ್ತಿದ್ರಿ.”

ಹುಡುಗಿಯ ಇಡೀ ಬಾಲ್ಯ ಇವರ ಬಳಿ ಇದೆ ಎಂದು ನಾನು ಕರುಬುತ್ತಿದ್ದಾಗ, ಇವರು ನನ್ನ ಹತ್ತು ಸಾವಿರ ನೋಡಿ ಕರುಬುತ್ತಿದ್ದರು. ನನ್ನದಕ್ಕೆ ಹೋಲಿಸಿದರೆ ಅದು ಅಗ್ಗದ ಹೊಟ್ಟೆಕಿಚ್ಚು ಎಂದು ಅನ್ನಿಸಿದ್ದೂ ನಿಜ.

“ಕಾರ್ಡ್ ಇಬ್ಬರೂ ಯಾರಿಗೆ ಕೊಟ್ರಿ?” ಎಂದು ಮೊಮ್ಮಗಳು ಕೇಳಿದಳು. ಧ್ವನಿ ಜೋರಿರಲಿಲ್ಲ.

“ನಿಂಗೇ,” ಎಂದೆವು.

“ಕೊಟ್ಟ ಮೇಲೆ ಅದು ನಂದಲ್ವಾ? ಹಾಗಾದ್ರೆ ನಾನು ಹೇಳ್ತೀನಿ.” ಅವಳು ಕೌಂಟರಿನವನ ಕಡೆ ತಿರುಗಿದಳು. “ಅಣ್ಣ, ಅರ್ಧ ಅರ್ಧ ಹಾಕಿ.”

ಐದು ಸಾವಿರದ ಏಳುನೂರೈವತ್ತು, ಐದು ಸಾವಿರದ ಏಳುನೂರೈವತ್ತು. ಅವನು ಮೊದಲು ಕಾರ್ಡಿಗೆ ಆ ಮೊತ್ತ ಹೊಡೆದ, ಹಿಂಬದಿಯ ಪಿನ್ ಕೇಳಿ ಒತ್ತಿದ. ಕಾರ್ಡಿನಲ್ಲಿ ಇನ್ನೂರೈವತ್ತು ಉಳಿಯಿತು. ಆಮೇಲೆ ಕ್ರೆಡಿಟ್ಟಿಗೆ ಓಟಿಪಿ ಕಳಿಸಿದ. ಬೀಗಿತ್ತಿಯ ಫೋನು ಎದೆಯ ಮೇಲೇ ಟಿಂಗ್ ಎಂದಿತು. ಅವರು ಕಣ್ಣು ಕಿರಿದು ಮಾಡಿ ನೋಡಿದರು, ಫೋನನ್ನು ದೂರ ಹಿಡಿದರು, ಹತ್ತಿರ ತಂದರು. ಕೊನೆಗೆ ನನ್ನ ಕಡೆ ಚಾಚಿದರು.

“ಕನ್ನಡಕ ಮನೇಲಿದೆ. ನೀವೇ ಓದಿ. ನಿಮ್ಮದೇ ದುಡ್ಡಲ್ವಾ.”

ನಾನು ಹಾಜರಿ ಕರೆಯುವ ಧ್ವನಿಯಲ್ಲಿ ಆರು ಅಂಕಿಗಳನ್ನೂ ಓದಿದೆ. ಬಿಲ್ಲು ಬಂತು. ಅಡಿಯಲ್ಲಿ ಕ್ರೆಡಿಟ್ ಉಳಿಕೆ ನಾಲ್ಕು ಸಾವಿರದ ಇನ್ನೂರೈವತ್ತು ಎಂದು ಅಚ್ಚಾಗಿತ್ತು, ಗ್ರಾಹಕರ ಹೆಸರಿನ ಜಾಗದಲ್ಲಿ ಬೀಗಿತ್ತಿಯ ಹೆಸರು.

“ಅದನ್ನ ಇಲ್ಲೇ ಈಗಲೇ ಖರ್ಚು ಮಾಡಿಬಿಡ್ತೀನಿ,” ಎಂದೆ.

“ಯಾಕೆ ಅಷ್ಟು ಅವಸರ ಮಾಡ್ತೀರಿ? ಮದುವೆ ಇನ್ನೂ ಮುಂದಿದೆ. ಆಗ ಕೊಡೋ ತಗೊಳ್ಳೋ ಬಟ್ಟೆಗೆ ಆಗುತ್ತೆ. ಒಂದು ವರ್ಷ ಇರುತ್ತಂತೆ,” ಎಂದರು ಬೀಗಿತ್ತಿ. “ಬೇಕಾದಾಗ ಬನ್ನಿ, ಇಬ್ಬರೂ ಹೋಗೋಣ.”

ಅವರ ಇನ್ನೂರೈವತ್ತಕ್ಕೆ ಹುಡುಗಿ ಅಲ್ಲೇ ಒಂದು ರವಿಕೆ ಬಟ್ಟೆ ಕೊಂಡಳು. ಖಾಲಿ ಕಾರ್ಡನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟಳು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ, ಸೀರೆ ಉಡಿಸುವುದಾದರೂ ನನ್ನ ಪಾಲಿಗೆ ಬರಲಿ ಎಂದು ಬೇಗ ಹೊರಟೆ. ಹೋಗುವಷ್ಟರಲ್ಲಿ ಬೀಗಿತ್ತಿ ಹುಡುಗಿಗೆ ಉಡಿಸಿ ಮುಗಿಸಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ನೆರಿಗೆ ಸರಿಮಾಡುತ್ತಿದ್ದರು. ಕನಕಾಂಬರ ಬಣ್ಣ ಅವಳಿಗೆ ಒಪ್ಪಿತ್ತು. ನೆರಿಗೆಗಳು ಒಂದರ ಮೇಲೊಂದು ಅಳತೆ ಹಿಡಿದಂತೆ ಕೂತಿದ್ದವು. ನಾನು ಬಗ್ಗಿ ಎರಡು ನೆರಿಗೆ ಬಿಚ್ಚಿ ಮತ್ತೆ ಮಡಿಸಿದೆ. ಬೀಗಿತ್ತಿ ನೋಡಿದರು, ಪಿನ್ನು ಬಾಯಲ್ಲಿದ್ದುದರಿಂದ ಏನೂ ಹೇಳಲಿಲ್ಲ.

ಗಂಡಿನ ಕಡೆಯ ಹೆಂಗಸರು ಸೀರೆ ಮುಟ್ಟಿ ನೋಡಿ ಯಾರು ಕೊಡಿಸಿದ್ದು ಎಂದರು. “ಇಬ್ಬರೂ ಅರ್ಧ ಅರ್ಧ,” ಎಂದು ಬೀಗಿತ್ತಿ ಜೋರಾಗಿ ಹೇಳಿದರು. ನಾನು ಕೊಟ್ಟದ್ದು ಹತ್ತು ಎನ್ನುವ ಮಾತು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಹೋಳಿಗೆಯ ತಟ್ಟೆ ಬಂತು, ತಿಂದೆ.

ನಾಲ್ಕು ಸಾವಿರದ ಇನ್ನೂರೈವತ್ತು ಇನ್ನೂ ಅವರ ನಂಬರಿನಲ್ಲೇ ಇದೆ. ಅವರು ಸಿಮ್ ಬದಲಿಸಿದರೆ ಓಟಿಪಿ ಬರುವುದಿಲ್ಲ. ರೀಚಾರ್ಜ್ ಮಾಡಿಸದೆ ಬಹಳ ದಿನ ಬಿಟ್ಟರೆ ನಂಬರೇ ಬೇರೆಯವರ ಪಾಲಾಗುತ್ತದಂತೆ. ಅದಕ್ಕಾಗಿ ಪ್ರತಿ ಭಾನುವಾರ ಬೆಳಗಿನ ಕಾಫಿ ಮುಗಿಸಿ ನಾನೇ ಫೋನ್ ಮಾಡುತ್ತೇನೆ.

“ರೀಚಾರ್ಜ್ ಮಾಡಿಸಿದ್ರಾ?”

“ಮಾಡಿಸಿದ್ದೀನಿ ವಾರ್ಡನ್ ಮೇಡಂ. ಫೋನ್ ನೀರಿಗೂ ಬಿದ್ದಿಲ್ಲ, ಕಳೆದೂ ಹೋಗಿಲ್ಲ. ಇರಿ, ಇಲ್ಲೇ ಪಕ್ಕದಲ್ಲಿ ಮೊಮ್ಮಗಳು ಕೂತು ನನ್ನ ಕಾಲಿಗೆ ಎಣ್ಣೆ ಹಚ್ತಿದ್ದಾಳೆ. ಮಾತಾಡ್ತೀರಾ?”

ಕೊಡಿ ಎನ್ನುತ್ತೇನೆ.